ಹುಡುಗ ಸಿಕ್ಕರೂ ಬಹುಮಾನ ಸಿಗಲಿಲ್ಲ: ಲಾಲ್‌ಮನ್ ಶುಕ್ಲಾ ಪ್ರಕರಣದಲ್ಲಿ ಪ್ರಸ್ತಾವ, ಸ್ವೀಕಾರ, ಪ್ರತಿಫಲ

ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್. ಅಲಹಾಬಾದ್ ಹೈಕೋರ್ಟ್, 1913. ಕರಾರು ಕಾಯ್ದೆ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ನೋಟ್ಸಿನಲ್ಲೂ ಈ ಹೆಸರು ಇರುತ್ತದೆ. ಗೈಡುಗಳಲ್ಲಿ ಅದರ ಕಥೆ ಎರಡೇ ಸಾಲು: ಕೆಲಸಗಾರ ಕಾಣೆಯಾದ ಹುಡುಗನನ್ನು ಹುಡುಕಿದ, ಬಹುಮಾನದ ವಿಷಯ ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಸ್ವೀಕಾರ ಇಲ್ಲ, ಕರಾರೂ ಇಲ್ಲ. ಹೀಗೆ ಬರೆದರೆ ಪಾಸಾಗುವಷ್ಟು ಅಂಕ ಬರುತ್ತದೆ. ಆದರೆ ತೀರ್ಪಿನ ಅರ್ಧ ಭಾಗ ಕೈಬಿಟ್ಟು ಹೋಗುತ್ತದೆ. ಆ ಉಳಿದರ್ಧ ಇರುವುದು ಪ್ರತಿಫಲದ ಬಗ್ಗೆ, ಅಂದರೆ ಕೊಟ್ಟ ಮಾತಿಗೆ ಬದಲಾಗಿ ಇನ್ನೊಬ್ಬರು ಏನು ಕೊಟ್ಟರು ಅಥವಾ ಮಾಡಿದರು ಎಂಬುದರ ಬಗ್ಗೆ. ನನ್ನ ಪ್ರಕಾರ ಅದೇ ಹೆಚ್ಚು ಗಟ್ಟಿಯಾದ ಭಾಗ.

ಪ್ರಸ್ತಾವ, ಸ್ವೀಕಾರ, ಪ್ರತಿಫಲ ಮೂರನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬಾಯಿಪಾಠ ಮಾಡುವ ಬದಲು ಈ ಒಂದು ಪ್ರಕರಣವನ್ನು ಪೂರ್ತಿ ಬಿಚ್ಚಿ ನೋಡಿದರೆ ಮೂರೂ ಒಟ್ಟಿಗೆ ಹಿಡಿತಕ್ಕೆ ಬರುತ್ತವೆ.

ನಡೆದದ್ದು ಏನು

ಗೌರಿ ದತ್ ಕಾನ್ಪುರದವರು. ಅವರ ಸೋದರನ ಮಗ ಮನೆ ಬಿಟ್ಟು ಹೋದ, ಸುಳಿವು ಸಿಗಲಿಲ್ಲ. ಅವರು ತಮ್ಮ ಕೆಲಸಗಾರರನ್ನು ಬೇರೆ ಬೇರೆ ಊರುಗಳಿಗೆ ಹುಡುಕಲು ಕಳಿಸಿದರು. ಲಾಲ್‌ಮನ್ ಶುಕ್ಲಾ ಅವರ ಅಂಗಡಿಯ ಮುನೀಮ, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ. ಅವನನ್ನು ಹರಿದ್ವಾರಕ್ಕೆ ಕಳಿಸಲಾಯಿತು. ರೈಲು ಚಾರ್ಜು ಮತ್ತು ಇತರ ಖರ್ಚಿಗೆ ಹಣ ಕೊಟ್ಟೇ ಕಳಿಸಿದರು.

ಅವನು ಹೊರಟ ಮೇಲೆ ಗೌರಿ ದತ್ ಕರಪತ್ರ ಹೊರಡಿಸಿದರು. ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ. 1913ರಲ್ಲಿ ಇದು ದೊಡ್ಡ ಮೊತ್ತ.

ಲಾಲ್‌ಮನ್‌ಗೆ ಹುಡುಗ ಸಿಕ್ಕಿದ್ದು ಋಷಿಕೇಶದಲ್ಲಿ. ಅವನು ಯಜಮಾನರಿಗೆ ತಂತಿ ಕಳಿಸಿದ. ಗೌರಿ ದತ್ ಬಂದು ಹುಡುಗನನ್ನು ಕಾನ್ಪುರಕ್ಕೆ ಕರೆದುಕೊಂಡು ಹೋದರು. ಖುಷಿಯಿಂದ ಮುನೀಮನಿಗೆ ಎರಡು ಸವರನ್ ಚಿನ್ನದ ನಾಣ್ಯ ಕೊಟ್ಟರು. ಊರಿಗೆ ಬಂದ ಮೇಲೆ ಇನ್ನೂ 20 ರೂಪಾಯಿ ಕೊಟ್ಟರು. ಆಗ ಲಾಲ್‌ಮನ್ ಬೇರೇನೂ ಕೇಳಲಿಲ್ಲ. ಸುಮಾರು ಆರು ತಿಂಗಳು ಅಲ್ಲೇ ಕೆಲಸ ಮಾಡಿದ. ಆಮೇಲೆ ಅವನನ್ನು ಕೆಲಸದಿಂದ ತೆಗೆದರು. ತೆಗೆದ ಮೇಲೆ ಅವನು ಬಹುಮಾನದ ಬಾಬ್ತು 499 ರೂಪಾಯಿಗೆ ದಾವೆ ಹೂಡಿದ. ಕರಪತ್ರದಲ್ಲಿದ್ದದ್ದು 501, ದಾವೆ 499ಕ್ಕೆ. ಉತ್ತರ ಬರೆಯುವಾಗ ಈ ಎರಡನ್ನೂ ಕಲಸಬೇಡಿ.

ದಾವೆಯಲ್ಲಿ ಅವನು ಹೇಳಿದ್ದು ಇದು: ಹರಿದ್ವಾರಕ್ಕೆ ಕಳಿಸುವಾಗಲೇ ಯಜಮಾನರು ಬಹುಮಾನ ಕೊಡುವುದಾಗಿ ಮಾತು ಕೊಟ್ಟಿದ್ದರು. ಆ ಮಾತು ಸುಳ್ಳೆಂದು ಕೋರ್ಟ್ ಕಂಡುಕೊಂಡಿತು. ಅವನು ಹೊರಟ ಮೇಲೆಯೇ ಕರಪತ್ರ ಬಂದದ್ದು ದಾಖಲೆಯಿಂದ ಸ್ಪಷ್ಟವಾಯಿತು. ಆದರೆ ಇನ್ನೊಂದು ಸಂಗತಿಯೂ ದಾಖಲೆಯಲ್ಲಿತ್ತು. ಕೆಲವು ಕರಪತ್ರಗಳನ್ನು ಹರಿದ್ವಾರಕ್ಕೆ, ಅವನ ಹತ್ತಿರವೇ ಕಳಿಸಲಾಗಿತ್ತು!

ಗೈಡುಗಳು ಈ ಸಾಲನ್ನು ಬಿಟ್ಟುಬಿಡುತ್ತವೆ. ಬಿಟ್ಟರೆ ಕಥೆ ನೀಟಾಗಿ ಕಾಣುತ್ತದೆ, ತೀರ್ಪು ಮಾತ್ರ ಅರ್ಥವಾಗುವುದಿಲ್ಲ.

ಕೆಳಗಿನ ಕೋರ್ಟ್ ದಾವೆ ವಜಾ ಮಾಡಿತು. ಲಾಲ್‌ಮನ್ ರಿವಿಜನ್ ಅರ್ಜಿ ಹಾಕಿಕೊಂಡು ಹೈಕೋರ್ಟಿಗೆ ಬಂದ. ನ್ಯಾಯಮೂರ್ತಿ ಬ್ಯಾನರ್ಜಿ ಅದನ್ನೂ ವಜಾ ಮಾಡಿದರು.

ಪ್ರಸ್ತಾವ ಇತ್ತಾ?

ಇತ್ತು. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 2(ಎ) ಪ್ರಕಾರ, ಇನ್ನೊಬ್ಬರ ಒಪ್ಪಿಗೆ ಪಡೆಯುವ ಉದ್ದೇಶದಿಂದ ತಾನು ಒಂದು ಕೆಲಸ ಮಾಡಲು ಅಥವಾ ಮಾಡದಿರಲು ಸಿದ್ಧ ಎಂದು ತಿಳಿಸಿದರೆ ಅದು ಪ್ರಸ್ತಾವ. "ಹುಡುಕಿಕೊಟ್ಟವರಿಗೆ 501 ರೂಪಾಯಿ" ಎನ್ನುವ ಕರಪತ್ರ ಅದೇ ಕೆಲಸ ಮಾಡುತ್ತದೆ. ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಹೇಳಿದ್ದಲ್ಲ, ಊರಿಗೆಲ್ಲ ಹೇಳಿದ್ದು. ಹಾಗಾಗಿ ಇದು ಸಾರ್ವತ್ರಿಕ ಪ್ರಸ್ತಾವ. ಇಂಗ್ಲೆಂಡಿನ ಕಾರ್ಲಿಲ್ ಪ್ರಕರಣ 1893ರಲ್ಲೇ ಇದನ್ನು ಸ್ಪಷ್ಟ ಮಾಡಿತ್ತು. ಪ್ರಸ್ತಾವವನ್ನು ಇಡೀ ಜಗತ್ತಿಗೆ ಮಾಡಬಹುದು, ಆದರೆ ಕರಾರು ಆಗುವುದು ಮುಂದೆ ಬಂದು ಷರತ್ತು ಪೂರೈಸಿದವರ ಜೊತೆ ಮಾತ್ರ.

ಸ್ವೀಕಾರ: ಸೆಕ್ಷನ್ 8ರ ಮೇಲಿನ ವಾದ

ಲಾಲ್‌ಮನ್ ಹೈಕೋರ್ಟಿನಲ್ಲಿ ನೆಚ್ಚಿಕೊಂಡದ್ದು ಸೆಕ್ಷನ್ 8. ಅದು ಹೇಳುವುದಿಷ್ಟು: ಪ್ರಸ್ತಾವದ ಷರತ್ತುಗಳನ್ನು ಪೂರೈಸುವುದೇ ಪ್ರಸ್ತಾವದ ಸ್ವೀಕಾರ. ಷರತ್ತು ಏನು? ಹುಡುಗನನ್ನು ಹುಡುಕುವುದು. ಹುಡುಕಿದ್ದು ಯಾರು? ಅವನು. ಸೆಕ್ಷನ್‌ನಲ್ಲಿ "ಪ್ರಸ್ತಾವ ಗೊತ್ತಿರಬೇಕು" ಎಂಬ ಮಾತೇ ಇಲ್ಲ. ಅಂದ ಮೇಲೆ ಹಣ ಬರಬೇಕು, ಅಲ್ವಾ?

ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಪರೀಕ್ಷೆಯಲ್ಲಿ ಇದನ್ನು ಮೊದಲು ನ್ಯಾಯವಾಗಿ ಮಂಡಿಸಿ, ಆಮೇಲೆ ಉತ್ತರ ಕೊಡಿ. ಉತ್ತರ ಹೀಗೆ ಸಾಗುತ್ತದೆ. ಸೆಕ್ಷನ್ 8 ಒಂಟಿಯಾಗಿ ನಿಂತಿಲ್ಲ. ಸೆಕ್ಷನ್ 2(ಬಿ) ಪ್ರಕಾರ ಪ್ರಸ್ತಾವ ಯಾರಿಗೆ ಮಾಡಲಾಗಿದೆಯೋ ಅವರು ಅದಕ್ಕೆ ತಮ್ಮ ಒಪ್ಪಿಗೆ ಸೂಚಿಸಿದಾಗ ಸ್ವೀಕಾರ ಆಗುತ್ತದೆ. ಗೊತ್ತೇ ಇಲ್ಲದ ಮಾತಿಗೆ ಯಾರೂ ಒಪ್ಪಿಗೆ ಕೊಡಲಾಗದು. ಸೆಕ್ಷನ್ 4 ಇನ್ನೂ ನೇರವಾಗಿದೆ: ಪ್ರಸ್ತಾವ ತಲುಪಬೇಕಾದ ವ್ಯಕ್ತಿಯ ತಿಳಿವಿಗೆ ಬಂದಾಗ ಮಾತ್ರ ಅದರ ತಿಳಿಸುವಿಕೆ ಪೂರ್ಣವಾಗುತ್ತದೆ. ಹಾಗಾದರೆ ಸೆಕ್ಷನ್ 8 ಏನು ಸಡಿಲ ಮಾಡುತ್ತದೆ? ಸ್ವೀಕಾರವನ್ನು ಪ್ರಸ್ತಾವ ಮಾಡಿದವರಿಗೆ ಬೇರೆಯಾಗಿ ತಿಳಿಸಬೇಕೆಂಬ ಅಗತ್ಯವನ್ನು ಮಾತ್ರ. "ನಾನು ಹುಡುಕಲು ಹೊರಟಿದ್ದೇನೆ" ಎಂದು ಕಾಗದ ಬರೆಯಬೇಕಿಲ್ಲ, ಹುಡುಕಿದರೆ ಸಾಕು. ಪ್ರಸ್ತಾವ ಗೊತ್ತಿರಬೇಕು ಎಂಬ ಅಗತ್ಯ ಹಾಗೇ ಉಳಿಯುತ್ತದೆ.

ನ್ಯಾಯಮೂರ್ತಿ ಬ್ಯಾನರ್ಜಿ ಹೇಳಿದ್ದೂ ಇದೇ ಜಾಡಿನಲ್ಲಿದೆ. ಇಂಥ ದಾವೆ ಕರಾರಿನ ಮೇಲೆಯೇ ನಿಲ್ಲಬೇಕು. ಕರಾರಿಗೆ ಸ್ವೀಕಾರ ಬೇಕು. ಪ್ರಸ್ತಾವ ಗೊತ್ತಿಲ್ಲದೆ ಸ್ವೀಕಾರ ಇಲ್ಲ. ಇದರ ಜೊತೆಗೆ ಅವರು ಇನ್ನೊಂದು ಮಾತು ಸೇರಿಸಿದರು: ಕೆಲಸದ ಹಿಂದಿನ ಪ್ರೇರಣೆ ಮುಖ್ಯವಲ್ಲ, ತಿಳಿವು ಮತ್ತು ಉದ್ದೇಶ ಮುಖ್ಯ.

ಈ ಪ್ರೇರಣೆಯ ಮಾತಿನಲ್ಲಿ ಬಹಳ ಜನ ಎಡವುತ್ತಾರೆ. "ಲಾಲ್‌ಮನ್ ಹಣಕ್ಕಾಗಿ ಹುಡುಕಲಿಲ್ಲ, ನಿಷ್ಠೆಯಿಂದ ಹುಡುಕಿದ, ಅದಕ್ಕೇ ಬಹುಮಾನ ಇಲ್ಲ" ಎಂದು ಬರೆಯುತ್ತಾರೆ. ಇದು ತಪ್ಪು. 1833ರ ವಿಲಿಯಮ್ಸ್ ವಿರುದ್ಧ ಕಾರ್ವರ್ಡೈನ್ ಪ್ರಕರಣದಲ್ಲಿ ಒಬ್ಬ ಹೆಂಗಸು ಕೊಲೆಗಾರನ ಬಗ್ಗೆ ಮಾಹಿತಿ ಕೊಟ್ಟಳು. ತಾನು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡು, ಮನಸ್ಸಿನ ಭಾರ ಇಳಿಸಿಕೊಳ್ಳಲು ಕೊಟ್ಟ ಮಾಹಿತಿ ಅದು. ಆದರೂ ಅವಳಿಗೆ 20 ಪೌಂಡ್ ಬಹುಮಾನ ಸಿಕ್ಕಿತು. ಬಹುಮಾನದ ಘೋಷಣೆ ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಯಿತು. ಕರುಣೆಯಿಂದ ಹುಡುಕಿದರೂ ಹಟದಿಂದ ಹುಡುಕಿದರೂ ಕಾನೂನಿಗೆ ಒಂದೇ.

ಈಗ ಹರಿದ್ವಾರಕ್ಕೆ ಹೋದ ಕರಪತ್ರಗಳಿಗೆ ಬನ್ನಿ. ಅವು ಹುಡುಗ ಸಿಗುವ ಮೊದಲೇ ಲಾಲ್‌ಮನ್ ಕೈಗೆ ಬಂದಿದ್ದರೆ? ಆಗ ಹುಡುಕುವ ಕೆಲಸ ಮುಗಿಯುವ ಹೊತ್ತಿಗೆ ಅವನಿಗೆ ಪ್ರಸ್ತಾವ ಗೊತ್ತಿತ್ತು ಎಂದಾಗುತ್ತದೆ. "ತಿಳಿವು ಇರಲಿಲ್ಲ" ಎಂಬ ಒಂದೇ ಕಾರಣದ ಮೇಲೆ ತೀರ್ಪು ನಿಂತಿದ್ದರೆ ಇಲ್ಲಿ ಬಿರುಕು ಬೀಳುತ್ತಿತ್ತು. ಆದರೆ ತೀರ್ಪು ಅಷ್ಟಕ್ಕೇ ನಿಲ್ಲಲಿಲ್ಲ. ನ್ಯಾಯಮೂರ್ತಿಗಳು ಎರಡನೇ ಕಾರಣಕ್ಕೆ ಹೋದರು. ಆ ಕಾರಣಕ್ಕೆ ಕರಪತ್ರ ಯಾವಾಗ ಕೈಸೇರಿತು ಎಂಬ ಲೆಕ್ಕವೇ ಬೇಕಾಗಿಲ್ಲ.

ಪ್ರತಿಫಲ: ಮೊದಲೇ ಒಪ್ಪಿಕೊಂಡ ಕೆಲಸ

ಹುಡುಗರನ್ನು ಹುಡುಕುವುದು ಮುನೀಮನ ಮಾಮೂಲಿ ಕೆಲಸವಲ್ಲ. ಕೋರ್ಟ್ ಇದನ್ನು ಒಪ್ಪಿಕೊಂಡಿತು. ಲೆಕ್ಕ ಬರೆಯಲು ಸೇರಿದವನಿಗೆ "ಹರಿದ್ವಾರಕ್ಕೆ ಹೋಗು" ಎಂದರೆ ಅವನು ಒಲ್ಲೆ ಎನ್ನಬಹುದಿತ್ತು. ಆದರೆ ಅವನು ಒಲ್ಲೆ ಎನ್ನಲಿಲ್ಲ. ಖರ್ಚಿಗೆ ಹಣ ತೆಗೆದುಕೊಂಡು ಹೊರಟ. ಹಾಗೆ ಒಪ್ಪಿ ಹೊರಟ ಗಳಿಗೆಯಿಂದ ಆ ಹುಡುಕಾಟ ಅವನ ಕರ್ತವ್ಯವಾಯಿತು. ಆಮೇಲೆ ಯಜಮಾನ 501 ರೂಪಾಯಿ ಘೋಷಿಸಿದಾಗ, ಲಾಲ್‌ಮನ್ ಅದಕ್ಕೆ ಬದಲಾಗಿ ಹೊಸದಾಗಿ ಏನು ಕೊಟ್ಟ? ಯಜಮಾನನಿಗೆ ಆಗಲೇ ಸಲ್ಲಬೇಕಾಗಿದ್ದ ಕೆಲಸವನ್ನೇ. ಮೊದಲೇ ಮಾಡಬೇಕಾಗಿದ್ದ ಕೆಲಸ ಹೊಸ ಮಾತಿಗೆ ಪ್ರತಿಫಲ ಆಗುವುದಿಲ್ಲ.

ಇಲ್ಲಿ ಒಳ್ಳೆಯ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಪರೀಕ್ಷಕರಿಗೂ ಅದು ಇಷ್ಟವಾಗುವ ಪ್ರಶ್ನೆ. ಸೆಕ್ಷನ್ 2(ಡಿ)ಯ ಮಾತುಗಳನ್ನು ನೋಡಿ. ಮಾತು ಕೊಟ್ಟವರ ಇಚ್ಛೆಯಂತೆ, ಮಾತು ಪಡೆದವರು ಅಥವಾ ಬೇರೆ ಯಾರಾದರೂ ಏನನ್ನಾದರೂ ಮಾಡಿದ್ದರೆ, ಮಾಡುತ್ತಿದ್ದರೆ, ಮಾಡುವುದಾಗಿ ಹೇಳಿದರೆ, ಅಥವಾ ಮಾಡದೆ ಬಿಟ್ಟರೆ, ಅದು ಪ್ರತಿಫಲ. "ಮಾಡಿದ್ದರೆ" ಎಂಬ ಪದ ಇರುವುದರಿಂದ ಭಾರತದಲ್ಲಿ ಹಿಂದೆ ಮಾಡಿದ ಕೆಲಸವೂ ಪ್ರತಿಫಲ ಆಗುತ್ತದೆ. ಇಂಗ್ಲೆಂಡಿನ ಸಾಮಾನ್ಯ ನಿಯಮ ಹಾಗಿಲ್ಲ. ಲಾಲ್‌ಮನ್ ಹೊರಟದ್ದು ಗೌರಿ ದತ್ ಇಚ್ಛೆಯಂತೆಯೇ. ಮಾತು ಬಂದದ್ದು ಆಮೇಲೆ. ಹಾಗಾದರೆ ಇದು ಹಿಂದಿನ ಪ್ರತಿಫಲ ಯಾಕಾಗಬಾರದು?

ಹಿಂದಿನ ಕೆಲಸ ಎನ್ನುವುದಷ್ಟೇ ಅಡ್ಡಿಯಾಗಿದ್ದರೆ ಅವನು ಗೆಲ್ಲಬಹುದಿತ್ತು. 1895ರ ಸಿಂಧ ಶ್ರೀ ಗಣಪತ್‌ಸಿಂಗ್‌ಜಿ ವಿರುದ್ಧ ಅಬ್ರಹಾಂ ಪ್ರಕರಣದಲ್ಲಿ, ಒಬ್ಬರ ಕೋರಿಕೆಯಂತೆ ಅವರು ಅಪ್ರಾಪ್ತರಾಗಿದ್ದಾಗ ಶುರುವಾಗಿ ಆಮೇಲೂ ಮುಂದುವರಿದ ಸೇವೆಯನ್ನು, ಮುಂದೆ ಕೊಟ್ಟ ವರ್ಷಾಶನದ ಮಾತಿಗೆ ಸರಿಯಾದ ಪ್ರತಿಫಲ ಎಂದು ಬಾಂಬೆ ಹೈಕೋರ್ಟ್ ಒಪ್ಪಿತು. ಲಾಲ್‌ಮನ್‌ಗೆ ಅಡ್ಡ ಬಂದದ್ದು ಬೇರೆ. ಅವನ ಕೆಲಸ ಆಗಲೇ ಅದೇ ಯಜಮಾನನಿಗೆ ಬಾಕಿ ಇದ್ದ ಕೆಲಸ. ಈ ಗೆರೆಯನ್ನು ಚೆನ್ನಾಗಿ ತೋರಿಸುವುದು 1877ರ ರಾಮಚಂದ್ರ ಚಿಂತಾಮಣ್ ವಿರುದ್ಧ ಕಾಲು ರಾಜು. ಒಬ್ಬ ವಕೀಲರು ವಕಾಲತ್ತು ಒಪ್ಪಿಕೊಂಡಾಗಿತ್ತು. ಆಮೇಲೆ ಕಕ್ಷಿದಾರ, ಕೇಸು ಗೆದ್ದರೆ ಇನ್ನಷ್ಟು ಹಣ ಕೊಡುವುದಾಗಿ ಹೇಳಿದ. ಕೇಸು ಗೆದ್ದಿತು, ಹಣ ಬರಲಿಲ್ಲ. ಕೋರ್ಟ್ ವಕೀಲರ ಕೈ ಹಿಡಿಯಲಿಲ್ಲ. ವಕಾಲತ್ತು ಒಪ್ಪಿದ ದಿನವೇ ತಮ್ಮ ಪೂರ್ಣ ಶ್ರಮ ಹಾಕುವ ಹೊಣೆ ಅವರ ಮೇಲೆ ಬಂದಿತ್ತು. ಹೆಚ್ಚಿನ ಹಣದ ಮಾತಿಗೆ ಅವರು ಹೆಚ್ಚಿನದೇನನ್ನೂ ಕೊಡಲಿಲ್ಲ. ಲಾಲ್‌ಮನ್ ಸ್ಥಿತಿ ಆ ವಕೀಲರ ಸ್ಥಿತಿಯೇ.

ಸೆಕ್ಷನ್ 25(2) ಹಿಡಿದು ಬಚಾವಾಗಬಹುದಾ? ಪ್ರತಿಫಲ ಇಲ್ಲದ ಒಪ್ಪಂದ ಶೂನ್ಯ ಎನ್ನುವ ನಿಯಮಕ್ಕೆ ಅದು ಒಂದು ವಿನಾಯಿತಿ. ಯಾರಾದರೂ ತಾವಾಗಿಯೇ ನನಗಾಗಿ ಏನೋ ಮಾಡಿದ್ದರೆ, ಅದಕ್ಕೆ ಪರಿಹಾರ ಕೊಡುವುದಾಗಿ ನಾನು ಆಮೇಲೆ ಹೇಳಿದ ಮಾತಿಗೆ ನಾನು ಕಾನೂನಿನಂತೆ ಬದ್ಧ. ಕಾಯ್ದೆಯಲ್ಲೇ ಉದಾಹರಣೆ ಇದೆ: ಒಬ್ಬರ ಪರ್ಸ್ ಸಿಕ್ಕವರು ಅದನ್ನು ಒಯ್ದು ಕೊಡುತ್ತಾರೆ, ಪರ್ಸಿನವರು 50 ರೂಪಾಯಿ ಕೊಡುವುದಾಗಿ ಹೇಳುತ್ತಾರೆ, ಇದು ಕರಾರು. ಲಾಲ್‌ಮನ್‌ಗೆ ಇದು ಒದಗುವುದಿಲ್ಲ. ಅವನು ತಾನಾಗಿ ಹೋದವನಲ್ಲ, ಕಳಿಸಿದ್ದಕ್ಕೆ ಹೋದವನು.

ಋಷಿಕೇಶದ ವಿಷಯವನ್ನೂ ಗಮನಿಸಿ. ಅವನನ್ನು ಕಳಿಸಿದ್ದು ಹರಿದ್ವಾರಕ್ಕೆ, ಹುಡುಗ ಸಿಕ್ಕಿದ್ದು ಋಷಿಕೇಶದಲ್ಲಿ. ಆದರೂ ಕೋರ್ಟ್ ಇದನ್ನು ಹೆಚ್ಚುವರಿ ಕೆಲಸ ಎಂದು ನೋಡಲಿಲ್ಲ. ಅವನು ಒಪ್ಪಿಕೊಂಡದ್ದು ಹುಡುಗನನ್ನು ಹುಡುಕುವ ಹೊಣೆ.

ಆರು ತಿಂಗಳು ಸುಮ್ಮನಿದ್ದು, ಕೆಲಸ ಹೋದ ಮೇಲೆ ಕೇಳಿದ್ದರಿಂದ ಸೋತ ಎಂದು ಕೆಲವರು ಬರೆಯುತ್ತಾರೆ. ಅದು ಸಂಗತಿಗಳ ಭಾಗ, ತೀರ್ಪಿನ ಕಾರಣ ಅಲ್ಲ. ಉತ್ತರದಲ್ಲಿ ಅದನ್ನು ಕಾರಣವಾಗಿ ಬರೆಯಬೇಡಿ.

ಗೆದ್ದವರ ಪ್ರಕರಣ

ಇದೇ ಅಲಹಾಬಾದ್ ಹೈಕೋರ್ಟ್ 1925ರ ಹರಭಜನ್ ಲಾಲ್ ವಿರುದ್ಧ ಹರಚರಣ್ ಲಾಲ್ ಪ್ರಕರಣದಲ್ಲಿ ಇನ್ನೊಂದು ಥರ ತೀರ್ಮಾನಿಸಿತು. ಅಲ್ಲಿಯೂ ಕಾಣೆಯಾದ ಹುಡುಗ, ಅಲ್ಲಿಯೂ ಕರಪತ್ರ. ಹುಡುಗನನ್ನು ಮನೆಗೆ ಕರೆತಂದವರಿಗೆ 500 ರೂಪಾಯಿ ಎಂದು ತಂದೆ ಘೋಷಿಸಿದ್ದರು. ಕರಪತ್ರದ ವಿಷಯ ಗೊತ್ತಿದ್ದ ವಾದಿಗೆ ಬರೇಲಿ ಜಂಕ್ಷನ್ ಹತ್ತಿರದ ಧರ್ಮಶಾಲೆಯಲ್ಲಿ ಹುಡುಗ ಕಣ್ಣಿಗೆ ಬಿದ್ದ. ಅವನನ್ನು ರೈಲ್ವೆ ಪೊಲೀಸ್ ಠಾಣೆಗೆ ಕರೆದೊಯ್ದು, ತಂದೆಗೆ ತಂತಿ ಕಳಿಸಿದರು. ಮನೆಗೇ ಕರೆತರಲಿಲ್ಲವಲ್ಲ ಎಂಬ ತಕರಾರು ಬಂತು. ಷರತ್ತಿನ ಮುಖ್ಯ ಭಾಗ ಪೂರೈಸಿದ್ದಾರೆ ಎಂದು ಕೋರ್ಟ್ ಬಹುಮಾನ ಕೊಡಿಸಿತು.

ಲಾಲ್‌ಮನ್ ಜೊತೆ ಹೋಲಿಸಿದರೆ ಇಲ್ಲಿ ಎರಡು ಸಂಗತಿ ಬೇರೆ: ಇವರಿಗೆ ಪ್ರಸ್ತಾವ ಗೊತ್ತಿತ್ತು, ಇವರ ಮೇಲೆ ಹುಡುಕುವ ಹೊಣೆ ಇರಲಿಲ್ಲ. ಉತ್ತರದಲ್ಲಿ ಈ ಎರಡನ್ನೂ ಬರೆಯಿರಿ.

ಸಮಸ್ಯೆ ಪ್ರಶ್ನೆಯಲ್ಲಿ ಬಳಸುವುದು ಹೇಗೆ

ಪರೀಕ್ಷೆಯಲ್ಲಿ ಬರುವಂಥ ಒಂದು ಕಲ್ಪಿತ ಪ್ರಶ್ನೆ ಕಟ್ಟಿ ನೋಡೋಣ. ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬರ ದಾಖಲೆಗಳಿದ್ದ ಚೀಲ ಬಸ್ಸಿನಲ್ಲಿ ಕಳೆದುಹೋಯಿತು. ಅವರು ವಾಟ್ಸಾಪ್ ಗುಂಪುಗಳಲ್ಲಿ "ಚೀಲ ತಂದುಕೊಟ್ಟವರಿಗೆ 10,000 ರೂಪಾಯಿ" ಎಂದು ಹಾಕಿದರು. ಚೀಲ ಸಿಕ್ಕಿದ್ದು ಯಾರಿಗೆ ಎಂಬುದನ್ನು ಬದಲಿಸುತ್ತಾ ಹೋದರೆ ಉತ್ತರವೂ ಬದಲಾಗುತ್ತದೆ.

ಮೊದಲು, ಹಾವೇರಿ ಬಸ್ ನಿಲ್ದಾಣದಲ್ಲಿ ಚಹಾ ಮಾರುವ ಗೀತಾ. ಚೀಲ ಅವರಿಗೆ ಸಿಕ್ಕಿತು. ಒಳಗಿದ್ದ ವಿಳಾಸ ನೋಡಿ ತಲುಪಿಸಿದರು. ಮೆಸೇಜು ಅವರಿಗೆ ಗೊತ್ತಾದದ್ದು ಆಮೇಲೆ. ಅವರಿಗೆ ಹೊಣೆ ಇರಲಿಲ್ಲ, ಆದರೆ ತಿಳಿವೂ ಇರಲಿಲ್ಲ. ಮೆಸೇಜಿನ ಆಧಾರದ ಮೇಲೆ 10,000 ಕೇಳಲು ಬರುವುದಿಲ್ಲ. ಚೀಲ ಕೈಗೆ ಬಂದಾಗ ವ್ಯಾಪಾರಿ "ಅಕ್ಕಾ, ನಿಮಗೆ 5,000 ಕೊಡ್ತೀನಿ" ಎಂದು ಹೇಳಿದ್ದರೆ ಆ 5,000ಕ್ಕೆ ಸೆಕ್ಷನ್ 25(2) ಆಧಾರವಾಗುತ್ತದೆ, ಪರ್ಸಿನ ಉದಾಹರಣೆಯಂತೆಯೇ. ಎರಡು ಮೊತ್ತಕ್ಕೆ ಎರಡು ಬೇರೆ ಆಧಾರ ಎಂಬುದನ್ನು ಬಿಡಿಸಿ ಬರೆಯಿರಿ.

ಎರಡನೆಯದು, ಅದೇ ಅಂಗಡಿಯಲ್ಲಿ ಬಿಲ್ ಬರೆಯುವ ಲತಾ. ಅವರಿಗೆ ಯಾರೂ ಹುಡುಕಲು ಹೇಳಿರಲಿಲ್ಲ. ರಜೆಯ ದಿನ ಮೆಸೇಜು ನೋಡಿ, ತಾವಾಗಿ ಹೋಗಿ ಚೀಲ ಹುಡುಕಿ ತಂದರು. "ಕೆಲಸಗಾರರಿಗೆ ಬಹುಮಾನ ಇಲ್ಲ, ಲಾಲ್‌ಮನ್ ನೋಡಿ" ಎಂದು ಬರೆದರೆ ತಪ್ಪಾಗುತ್ತದೆ. ಅಲ್ಲಿ ಮುಖ್ಯವಾದದ್ದು ಕೆಲಸಗಾರ ಎಂಬುದಲ್ಲ, ಹುಡುಕುವ ಹೊಣೆ ಒಪ್ಪಿಕೊಂಡಿದ್ದ ಎಂಬುದು. ಲತಾ ಅಂಥ ಹೊಣೆ ಒಪ್ಪಿರಲಿಲ್ಲ. ಅವರಿಗೆ ಪ್ರಸ್ತಾವ ಗೊತ್ತಿತ್ತು, ಷರತ್ತು ಪೂರೈಸಿ ಸೆಕ್ಷನ್ 8ರಂತೆ ಸ್ವೀಕರಿಸಿದರು, ಹೊಸದಾಗಿ ಶ್ರಮ ಹಾಕಿದರು. 10,000 ರೂಪಾಯಿ ಅವರಿಗೆ ಬರಬೇಕು.

ಮೂರನೆಯದು, ಅಂಗಡಿಯ ಹುಡುಗ ಸುರೇಶ. ಯಜಮಾನರು ಬಸ್ ಚಾರ್ಜು ಕೊಟ್ಟು "ಹಾವೇರಿಗೆ ಹೋಗಿ ಹುಡುಕು" ಎಂದು ಕಳಿಸಿದರು. ದಾರಿಯಲ್ಲಿ ಅವನು ಮೊಬೈಲಿನಲ್ಲಿ ಮೆಸೇಜು ನೋಡಿದ. ಹಾವೇರಿ ನಿಲ್ದಾಣದಲ್ಲಿ ಚೀಲ ಸಿಕ್ಕಿತು. ತಿಳಿವು ಇದೆ, ಸ್ವೀಕಾರದ ಅಂಶ ಮುಗಿಯಿತು. ಬರೀ ತಿಳಿವಿನ ಪಾಠ ಕಲಿತವರು ಇಲ್ಲಿ ಸುರೇಶನಿಗೆ ಹಣ ಕೊಡಿಸಿಬಿಡುತ್ತಾರೆ. ಆದರೆ ಅವನು ಹೊರಡುವಾಗಲೇ ಹುಡುಕುವ ಕೆಲಸ ಒಪ್ಪಿಕೊಂಡಿದ್ದ. ಹೊಸ ಪ್ರತಿಫಲ ಇಲ್ಲ, ಹಣವೂ ಇಲ್ಲ. ಲಾಲ್‌ಮನ್ ತೀರ್ಪಿನ ಎರಡನೇ ಕಾರಣ ನೇರವಾಗಿ ಬಳಕೆಗೆ ಬರುವ ಜಾಗ ಇದು.

ಇದಕ್ಕೇ ಇನ್ನೊಂದು ತಿರುವು ಕೊಡಿ. ಸುರೇಶ ಹಾವೇರಿಯಲ್ಲಿ ಹುಡುಕಿದ, ಸಿಗಲಿಲ್ಲ. "ಸಾಕು, ವಾಪಸ್ ಬಾ" ಎಂದು ಯಜಮಾನರು ಫೋನಿನಲ್ಲಿ ಹೇಳಿದರು. ಆಗ ಅವನು ಮೆಸೇಜು ನೆನೆದು, ತನ್ನ ಸ್ವಂತ ದುಡ್ಡಿನಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ ಹುಬ್ಬಳ್ಳಿ ಡಿಪೋಗೆ ಹೋಗಿ ಚೀಲ ತಂದ. ಈಗ ಹೊಣೆ ಎಲ್ಲಿ ಮುಗಿಯಿತು ಎಂಬ ಪ್ರಶ್ನೆ ಬರುತ್ತದೆ. ಲಾಲ್‌ಮನ್ ಹರಿದ್ವಾರದಿಂದ ಋಷಿಕೇಶಕ್ಕೆ ಹೋದಾಗ ಅವನ ಹುಡುಕಾಟವನ್ನು ಯಾರೂ ಕರೆದು ನಿಲ್ಲಿಸಿರಲಿಲ್ಲ. ಸುರೇಶನದನ್ನು ನಿಲ್ಲಿಸಿದ್ದರು. ಹೊಣೆ ಮೀರಿ ಮಾಡಿದ ಕೆಲಸ ಪ್ರತಿಫಲ ಆಗುತ್ತದೆ ಎನ್ನಲು ಇಂಗ್ಲೆಂಡಿನ ಗ್ಲಾಸ್‌ಬ್ರೂಕ್ ಪ್ರಕರಣ, 1925, ಸಹಾಯಕ್ಕೆ ಬರುತ್ತದೆ. ಮುಷ್ಕರದ ಕಾಲದಲ್ಲಿ ಗಣಿ ಮಾಲೀಕರು, ಪೊಲೀಸರು ಸಾಕು ಎಂದದ್ದಕ್ಕಿಂತ ಜಾಸ್ತಿ ಕಾವಲು ಕೇಳಿ ಹಣ ಕೊಡುವುದಾಗಿ ಹೇಳಿದ್ದರು. ಕರ್ತವ್ಯಕ್ಕಿಂತ ಮಿಗಿಲಾದ ಆ ಕಾವಲಿಗೆ ಹಣ ಸಲ್ಲಬೇಕು ಎಂದು ತೀರ್ಪಾಯಿತು. ಅದೇ ದಾರಿಯಲ್ಲಿ ಹೋದರೆ ಹುಬ್ಬಳ್ಳಿಯವರೆಗಿನ ಓಡಾಟಕ್ಕೆ ಸುರೇಶನಿಗೆ 10,000 ರೂಪಾಯಿ ಕೇಳುವ ಹಕ್ಕಿದೆ. ಎದುರು ಪಕ್ಷದ ವಾದ ಒಂದೇ: ಫೋನಿನಲ್ಲಿ ಹೇಳಿದ್ದು ಆ ದಿನದ ಮಟ್ಟಿಗೆ, ಹುಡುಕುವ ಹೊಣೆ ಮುಗಿದಿರಲಿಲ್ಲ. ಪ್ರಶ್ನೆಯಲ್ಲಿ ಆ ಫೋನ್ ಮಾತು ಹೇಗಿದೆ ಎಂದು ಎರಡು ಸಲ ಓದಿ, ಅದರ ಮೇಲೆ ನಿಮ್ಮ ತೀರ್ಮಾನ ಬರೆಯಿರಿ.